ಹಿಂದೆ ಒಬ್ಬರನ್ನು ಕೂರಿಸಿಕೊಂಡು ದಿನವೂ ಓಡಿಸುವ ಸ್ಕೂಟರ್‌ಗೆ ಯಾವ ಟೈರ್, ಎಷ್ಟು ಗಾಳಿ?

ನೀಲಿ ಸ್ಕೂಟರ್:
ಎಲ್ಲರಿಗೂ ನಮಸ್ಕಾರ. ಪ್ರತಿದಿನ ಬೆಳಿಗ್ಗೆ ನನ್ನ ಪತ್ನಿಯನ್ನು ಅವರ ಕಚೇರಿಗೆ ಬಿಟ್ಟು, ಅಲ್ಲಿಂದ ನಾನೊಬ್ಬನೇ ನನ್ನ ಕೆಲಸದ ಜಾಗಕ್ಕೆ ಹೋಗುತ್ತೇನೆ. ಸಂಜೆ ಅದೇ ದಾರಿಯಲ್ಲಿ ಅವರನ್ನು ಕರೆದುಕೊಂಡು ಹಿಂತಿರುಗುತ್ತೇನೆ. ಪೂರ್ತಿ ಊರೊಳಗಿನ ಓಡಾಟ. ಸಿಗ್ನಲ್‌ಗಳು ಹೆಚ್ಚು, ರಸ್ತೆ ಸಮವಾಗಿಲ್ಲ. ಸ್ಕೂಟರ್‌ನ ತೂಕ ಸುಮಾರು 110 ಕೆಜಿ, ನಾನು 70 ಕೆಜಿ, ಪತ್ನಿ 60 ಕೆಜಿ. ಮುಂದಿನ ಟೈರ್ 90/90-12, ಹಿಂದಿನದು 90/100-10, ಎರಡೂ ಟ್ಯೂಬ್‌ಲೆಸ್. ಬ್ರೇಕ್‌ಗಳು ಎರಡೂ ಬೇರೆ ಬೇರೆ. ಒಂದು ಲಿವರ್ ಹಿಡಿದರೆ ಎರಡೂ ಚಕ್ರ ಹಿಡಿಯುವ ವ್ಯವಸ್ಥೆ ಇದರಲ್ಲಿಲ್ಲ.

ರಸ್ತೆ ಒದ್ದೆಯಾಗಿದ್ದಾಗ ಬ್ರೇಕ್ ಹಿಡಿದರೆ ಹಿಂಬದಿ ಪಕ್ಕಕ್ಕೆ ಜಾರುತ್ತಿದೆ. ಹಿಂದಿನ ಟೈರ್ ನಡುವಿನಲ್ಲಿ ಬಹುತೇಕ ಬೋಳಾಗಿರುವುದರಿಂದ ಹೇಗಿದ್ದರೂ ಅದನ್ನು ಬದಲಿಸಲೇಬೇಕು. ಬದಲಿಸುವಾಗ 110 ಅಗಲದ ಟೈರ್ ಹಾಕಿಸಿದರೆ ಹಿಡಿತ ಹೆಚ್ಚುತ್ತದೆ ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಅದು ಸರಿಯೇ? ಇಬ್ಬರು ಕೂರುವ ಗಾಡಿಗೆ ಗಾಳಿ ಎಷ್ಟಿರಬೇಕು?

ಉದ್ದದಾರಿ:
ಅಗಲದ ಟೈರ್ ಹಾಕಿಸಿಕೊಳ್ಳಿ. ನೆಲಕ್ಕೆ ತಾಗುವ ರಬ್ಬರ್ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಇಬ್ಬರು ಕೂರುವ ಗಾಡಿಗೆ ಗಾಳಿ ಹೆಚ್ಚು ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ನಾನು ಮುಂದೆ ಹಿಂದೆ ಎರಡಕ್ಕೂ 40 ಪಿಎಸ್‌ಐ ಹಾಕಿಸುತ್ತೇನೆ. ಗಾಡಿ ಹಗುರವಾಗಿ ಓಡುತ್ತದೆ, ಪೆಟ್ರೋಲ್ ಉಳಿಯುತ್ತದೆ, ಗುಂಡಿಗೆ ಬಿದ್ದರೆ ರಿಮ್ ಕೂಡ ಸೊಟ್ಟಗಾಗುವುದಿಲ್ಲ.

ರಬ್ಬರ್ ಗುರುತು:
ನೀಲಿ ಸ್ಕೂಟರ್ ಅವರೇ, ಟೈರ್ ಅಂಗಡಿಯಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ಕೇಳುತ್ತಿದ್ದೇನೆ. ಖರೀದಿಗೆ ಮೊದಲು ದಯವಿಟ್ಟು ಮೂರು ಸಂಗತಿ ತಿಳಿಸಿ. ಗಾಡಿ ಜಾರುವುದು ಪತ್ನಿಯವರು ಹಿಂದೆ ಕುಳಿತಿದ್ದಾಗಲೋ, ನೀವೊಬ್ಬರೇ ಇದ್ದಾಗಲೋ? ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ, ಟೈರ್ ಇನ್ನೂ ತಣ್ಣಗಿರುವಾಗ ಅಳೆದರೆ ಎರಡೂ ಚಕ್ರಗಳಲ್ಲಿ ಗಾಳಿ ಎಷ್ಟಿದೆ? ನಡುವಿನಲ್ಲಿ ಬೋಳಾಗಿದೆ ಎಂದಿರಿ, ಹಾಗಾದರೆ ಎರಡು ಅಂಚುಗಳಲ್ಲಿ ಗೀರುಗಳ ಆಳ ಎಷ್ಟು ಉಳಿದಿದೆ?

ಸ್ವಂತಕ್ಕೆ ಒಂದು ಗೇಜ್ ಇಟ್ಟುಕೊಳ್ಳಿ. ಗಾಳಿ ಹಾಕುವ ಕಡೆಯ ಯಂತ್ರದ ಅಂಕಿಯನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಟೈರ್ ಬಿಸಿಯಾಗಿರುತ್ತದೆ. 10 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ.

ಹಸಿರು ಹಾದಿ:
ನನ್ನದು ಎಲೆಕ್ಟ್ರಿಕ್ ಸ್ಕೂಟರ್. ಅದಕ್ಕೂ ಹಿಂದಿನ ಟೈರ್ ಬೇಗ ಸವೆಯುತ್ತದೆ, ಮೇಲಾಗಿ ಎರಡು ಸಲ ಪಂಚರ್ ಆಯಿತು. ಟೈರಿನೊಳಗೆ ಸೀಲೆಂಟ್ ದ್ರವ ಹಾಕಿಸಿದ ಮೇಲೆ ತೊಂದರೆ ತಪ್ಪಿತು. ನೀವೂ ಹಾಕಿಸಿ, ಜೊತೆಗೆ ನೈಟ್ರೋಜನ್ ತುಂಬಿಸಿಬಿಡಿ.

ರಬ್ಬರ್ ಗುರುತು:
ಹಸಿರು ಹಾದಿ ಅವರೇ, ಅವರು ಕೇಳಿರುವುದು ಬ್ರೇಕ್ ಹಿಡಿದಾಗಿನ ಜಾರಿಕೆಯನ್ನು. ಸೀಲೆಂಟ್ ಅದಕ್ಕೆ ಏನನ್ನೂ ಮಾಡುವುದಿಲ್ಲ. ನೈಟ್ರೋಜನ್ ಆಗಲಿ ಸಾದಾ ಗಾಳಿಯಾಗಲಿ, ಒತ್ತಡ ಸರಿಯಿದ್ದರೆ ಹಿಡಿತದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮ ಗಾಡಿಯ ಹಿಂದಿನ ಟೈರ್ ಬೇಗ ಸವೆಯುವುದಕ್ಕೆ ಬ್ಯಾಟರಿಯ ತೂಕ ಒಂದು ಕಾರಣವಾದರೆ, ಮೋಟರ್ ಹಿಂದಿನ ಚಕ್ರಕ್ಕೆ ತಟ್ಟನೆ ಕೊಡುವ ಸೆಳೆತ ಇನ್ನೊಂದು ಕಾರಣ. ಆಕ್ಸಿಲರೇಟರ್ ಬಿಟ್ಟೊಡನೆ ಮೋಟರೇ ಹಿಂದಿನ ಚಕ್ರವನ್ನು ಹಿಡಿದು ನಿಧಾನಿಸುವ ಮೋಡ್ ನಿಮ್ಮ ಗಾಡಿಯಲ್ಲಿದ್ದರೆ, ಒದ್ದೆ ರಸ್ತೆಯಲ್ಲಿ ಅದನ್ನು ಕಡಿಮೆ ಹಂತಕ್ಕೆ ಇಟ್ಟುಕೊಳ್ಳಿ.

ನೀಲಿ ಸ್ಕೂಟರ್:
ಗೇಜ್ ಕೊಂಡು ಇಂದು ಬೆಳಿಗ್ಗೆ ಅಳೆದೆ. ಮುಂದೆ 32, ಹಿಂದೆ 39 ಪಿಎಸ್‌ಐ ಇದೆ. ಗಾಳಿ ಹಾಕುವವರು ಕೇಳದೆಯೇ ಇಷ್ಟು ತುಂಬುತ್ತಾರೆ, ನಾನೂ ತಡೆದಿರಲಿಲ್ಲ. ಹಿಂದಿನ ಟೈರಿನ ನಡುವಿನ ಪಟ್ಟಿ ಚಪ್ಪಟೆಯಾಗಿ ನುಣುಪಾಗಿದೆ, ಆದರೆ ಎರಡು ಅಂಚುಗಳಲ್ಲೂ ಗೀರುಗಳು ಚೆನ್ನಾಗಿಯೇ ಇವೆ.

ಜಾರುವ ವಿಚಾರ ನೀವು ಕೇಳಿದ ಮೇಲೆ ಗಮನಿಸಿದೆ. ಪತ್ನಿ ಹಿಂದೆ ಇದ್ದಾಗ ಒಮ್ಮೆಯೂ ಜಾರಿಲ್ಲ. ಅವರನ್ನು ಇಳಿಸಿದ ನಂತರವೇ ಜಾರುತ್ತದೆ. ನಾನು ಹೆಚ್ಚಾಗಿ ಎಡಗೈ ಲಿವರ್, ಅಂದರೆ ಹಿಂದಿನ ಬ್ರೇಕನ್ನೇ ಬಳಸುತ್ತೇನೆ. ಭಾರ ಹೆಚ್ಚಿದ್ದಾಗಲ್ಲವೇ ಬ್ರೇಕ್ ಕಷ್ಟವಾಗಬೇಕು? ಇದು ತಿರುಗುಮುರುಗಾಗಿದೆಯಲ್ಲ?

ರಬ್ಬರ್ ಗುರುತು:
ತಿರುಗುಮುರುಗಾಗಿಲ್ಲ, ಹಾಗೆಯೇ ಆಗಬೇಕು. ಎರಡು ಚಕ್ರಗಳ ಮೇಲೆ ಬೀಳುವ ಭಾರವನ್ನು ಬಿಡಿಸಿ ನೋಡಿದರೆ ಗಾಳಿಯ ಪ್ರಶ್ನೆಗೂ ಜಾರಿಕೆಯ ಪ್ರಶ್ನೆಗೂ ಒಟ್ಟಿಗೆ ಉತ್ತರ ಸಿಗುತ್ತದೆ.

ಸ್ಕೂಟರ್‌ನಲ್ಲಿ ಎಂಜಿನ್ ಹಿಂದಿನ ಚಕ್ರದ ಪಕ್ಕದಲ್ಲೇ ಇರುವುದರಿಂದ ಬರೀ ಗಾಡಿಯ ಭಾರದಲ್ಲೇ ಸುಮಾರು 60 ಪಾಲು ಹಿಂದಿರುತ್ತದೆ. ಅಂದರೆ ನಿಮ್ಮ 110 ಕೆಜಿಯಲ್ಲಿ 66 ಹಿಂದೆ, 44 ಮುಂದೆ. ನಿಮ್ಮ 70 ಕೆಜಿಯಲ್ಲಿ ಸುಮಾರು 45 ಹಿಂದಕ್ಕೆ, 25 ಮುಂದಕ್ಕೆ ಹೋಗುತ್ತದೆ. ಒಬ್ಬರೇ ಇದ್ದಾಗ ಹಿಂದೆ 111, ಮುಂದೆ 69 ಕೆಜಿ ಆಯಿತು. ಹಿಂದೆ ಕೂರುವವರು ಹೆಚ್ಚುಕಡಿಮೆ ಹಿಂದಿನ ಅಚ್ಚಿನ ಮೇಲೆಯೇ ಕುಳಿತಿರುತ್ತಾರೆ. ಆದ್ದರಿಂದ ನಿಮ್ಮ ಪತ್ನಿಯವರ 60 ಕೆಜಿಯಲ್ಲಿ 57ರಷ್ಟು ಹಿಂದಿನ ಚಕ್ರಕ್ಕೇ ಸೇರುತ್ತದೆ, ಮುಂದಕ್ಕೆ ಹೋಗುವುದು ಮೂರೇ ಕೆಜಿ. ಇಬ್ಬರಿದ್ದಾಗ ಹಿಂದೆ 168, ಮುಂದೆ 72.

ನಿಮ್ಮ ಗಾಡಿಯ ಚೌಕಟ್ಟಿನ ಮೇಲೋ ಸೀಟಿನ ಕೆಳಗೋ ಒಂದು ಸ್ಟಿಕ್ಕರ್ ಇರುತ್ತದೆ, ಮಾಲೀಕರ ಪುಸ್ತಕದಲ್ಲೂ ಅದೇ ಅಂಕಿ ಇರುತ್ತದೆ. ಈ ಅಳತೆಯ ಹಲವು ಸ್ಕೂಟರ್‌ಗಳಲ್ಲಿ ಮುಂದೆ 22, ಹಿಂದೆ ಒಬ್ಬರಿಗೆ 29, ಇಬ್ಬರಿಗೆ 36 ಪಿಎಸ್‌ಐ ಎಂದಿರುತ್ತದೆ. ಮುಂದಿನ ಅಂಕಿ ಮಾತ್ರ ಒಬ್ಬರಿಗೂ ಇಬ್ಬರಿಗೂ ಒಂದೇ ಏಕೆಂದರೆ, ಅಲ್ಲಿ ಭಾರ ಏರುವುದೇ ಮೂರು ಕೆಜಿ. ಉದ್ದದಾರಿ ಅವರು ಹಿಂದೆ ಗಾಳಿ ಹೆಚ್ಚು ಬೇಕು ಎಂದಿದ್ದು ಸರಿ, ಮುಂದಕ್ಕೂ 40 ತುಂಬಿಸುವುದು ತಪ್ಪು. ಪುಸ್ತಕದಲ್ಲಿ 150, 200, 250 ಕಿಲೋಪ್ಯಾಸ್ಕಲ್ ಎಂದಿದ್ದರೆ ಅವು ಕ್ರಮವಾಗಿ ಇದೇ 22, 29, 36.

ಇನ್ನು ಬ್ರೇಕ್. ಒದ್ದೆ ರಸ್ತೆಯಲ್ಲಿ ಎರಡೂ ಬ್ರೇಕ್ ಹಿಡಿದು ಚುರುಕಾಗಿ ನಿಲ್ಲಿಸುತ್ತಿದ್ದೀರಿ, ವೇಗ ಸೆಕೆಂಡಿಗೆ 14 ಕಿಲೋಮೀಟರ್‌ನಷ್ಟು ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ಆಗ ಹಿಂದಿನ ಭಾರ ಮುಂದಕ್ಕೆ ಜಾರುತ್ತದೆ. ಒಬ್ಬರೇ ಇದ್ದಾಗ ಸುಮಾರು 35 ಕೆಜಿ, ಇಬ್ಬರಿದ್ದಾಗ ಸುಮಾರು 50. ಉಳಿಯುವುದು ಏನು ನೋಡಿ: ಒಬ್ಬರೇ ಇದ್ದಾಗ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುವುದು 76 ಕೆಜಿ, ಇಬ್ಬರಿದ್ದಾಗ 118. ಬೆಳಿಗ್ಗೆ ಮೊದಲ ಅರ್ಧ ದಾರಿಯಲ್ಲಿ ನಿಮ್ಮ ಎಡಗೈ ಆ 118 ಕೆಜಿಗೆ ಬೇಕಾದ ಬಿಗಿಗೆ ಒಗ್ಗಿರುತ್ತದೆ. ಪತ್ನಿಯವರು ಇಳಿದ ಮೇಲೆ ಅದೇ ಬಿಗಿಯಲ್ಲಿ ಹಿಡಿದರೆ 76 ಕೆಜಿಯ ಚಕ್ರ ಲಾಕ್ ಆಗುತ್ತದೆ. ಅದರ ಮೇಲೆ ಟೈರ್ ನಡುವಿನಲ್ಲಿ ಬೋಳು, ಗಾಳಿ ಒಬ್ಬರಿಗೆ ಬೇಕಾದುದಕ್ಕಿಂತ 10 ಪಿಎಸ್‌ಐ ಹೆಚ್ಚು.

ನಡುವಿನ ಪಟ್ಟಿ ಮಾತ್ರ ಸವೆದಿರುವುದು ಹೆಚ್ಚು ಗಾಳಿಯಲ್ಲಿ ನೇರ ರಸ್ತೆಯಲ್ಲೇ ಓಡಿದ ಟೈರಿನ ಗುರುತು. ಗಾಳಿ ಕಡಿಮೆಯಿದ್ದು ಇಬ್ಬರು ಓಡಾಡಿದ್ದರೆ ಎರಡು ಅಂಚುಗಳು ಮೊದಲು ಸವೆಯುತ್ತಿದ್ದವು, ತಿರುವಿನಲ್ಲಿ ಹಿಂಬದಿ ಬಳುಕಿದಂತೆ ಅನ್ನಿಸುತ್ತಿತ್ತು, ಓಡಿಸಿ ನಿಲ್ಲಿಸಿದ ಮೇಲೆ ಟೈರಿನ ಪಕ್ಕೆ ಮುಟ್ಟಿದರೆ ಚೆನ್ನಾಗಿ ಬಿಸಿ ತಾಗುತ್ತಿತ್ತು.

ಲೆಕ್ಕಿಗ:
ರಬ್ಬರ್ ಗುರುತು ಅವರ ಲೆಕ್ಕದ ದಾರಿ ಸರಿಯಿದೆ, ಆದರೂ ಎರಡು ಮಾತು ಸೇರಿಸಬೇಕು. ಮೊದಲನೆಯದು, ಮುಂದಕ್ಕೆ ಜಾರುವ ಭಾರವು ಒಟ್ಟು ತೂಕದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎರಡು ಅಚ್ಚುಗಳ ನಡುವೆ ಎಷ್ಟು ದೂರವಿದೆ ಎಂಬುದರ ಮೇಲೆ ನಿಂತಿದೆ. ಅಚ್ಚುಗಳ ದೂರ ಒಂದೂಕಾಲು ಮೀಟರ್, ಎತ್ತರ 60ರಿಂದ 65 ಸೆಂಟಿಮೀಟರ್ ಎಂದು ಹಿಡಿದರೆ ಅವರ ಅಂಕಿಗಳೇ ಬರುತ್ತವೆ. ಹಿಂದೆ ಕೂತವರು ಎತ್ತರದವರಾಗಿದ್ದರೆ ಅಥವಾ ಬೆನ್ನಿಗೆ ಭಾರದ ಚೀಲ ಹಾಕಿಕೊಂಡಿದ್ದರೆ ಎತ್ತರ ಹೆಚ್ಚುತ್ತದೆ, ಇನ್ನಷ್ಟು ಭಾರ ಮುಂದಕ್ಕೆ ಹೋಗುತ್ತದೆ. ಅದೇ ಚೀಲವನ್ನು ಕಾಲಿಡುವ ಜಾಗದಲ್ಲಿಟ್ಟರೆ ಅದರ ಭಾರ ತಗ್ಗಿನಲ್ಲಿ, ಮುಂದಿನ ಚಕ್ರಕ್ಕೆ ಹತ್ತಿರವಾಗಿ ಕೂರುತ್ತದೆ.

ಎರಡನೆಯದು, ನೀಲಿ ಸ್ಕೂಟರ್ ಅವರ ಮುಂದಿನ ಚಕ್ರ. ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ನೆಲಕ್ಕೆ ತಾಗುವ ಜಾಗ ಅಂದಾಜಿಗೆ ಸಿಗುತ್ತದೆ. 69 ಕೆಜಿಗೆ 22 ಪಿಎಸ್‌ಐ ಇದ್ದರೆ ಅದು ಸುಮಾರು 45 ಚದರ ಸೆಂಟಿಮೀಟರ್, ಅವರಿಗೆ ಈಗಿರುವ 32ರಲ್ಲಿ ಸುಮಾರು 31. ಮೂರರಲ್ಲೊಂದು ಪಾಲು ಹೋಯಿತು. ಹಿಡಿತವೂ ಮೂರರಲ್ಲೊಂದು ಪಾಲು ಹೋಗುತ್ತದೆ ಎಂದು ಮಾತ್ರ ಯಾರೂ ತಿಳಿಯಬಾರದು, ಏಕೆಂದರೆ ಉಳಿದ ಜಾಗ ಅಷ್ಟೇ ಹೆಚ್ಚು ಬಲದಿಂದ ನೆಲಕ್ಕೆ ಒತ್ತಿಕೊಳ್ಳುತ್ತದೆ. ನಯವಾದ ರಸ್ತೆಯಲ್ಲಿ ನಷ್ಟ ಅಲ್ಪವೇ. ಆದರೆ ಉಬ್ಬುತಗ್ಗಿನ ರಸ್ತೆಯಲ್ಲಿ ಗಟ್ಟಿಯಾದ ಟೈರ್ ನೆಲದ ಆಕಾರಕ್ಕೆ ಬಗ್ಗದೆ ಪುಟಿಯುತ್ತದೆ, ಪುಟಿದ ಗಳಿಗೆಯಲ್ಲಿ ಬ್ರೇಕ್ ಹಿಡಿದಿದ್ದರೆ ಚಕ್ರ ಲಾಕ್ ಆಗುತ್ತದೆ.

ಉದ್ದದಾರಿ:
ಮುಂದಿನದರ ವಿಚಾರ ಒಪ್ಪಿಕೊಳ್ಳುತ್ತೇನೆ, ನಾಳೆಯೇ ಇಳಿಸುತ್ತೇನೆ. ಆದರೆ ಅಗಲದ ಟೈರಿಗೆ ಏಕೆ ಬೇಡ ಎನ್ನುತ್ತೀರಿ? ಲೆಕ್ಕಿಗ ಅವರೇ ನೆಲಕ್ಕೆ ತಾಗುವ ಜಾಗದ ಮಾತಾಡಿದರಲ್ಲ.

ರಬ್ಬರ್ ಗುರುತು:
ಅವರ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ಅದರಲ್ಲಿ ಭಾರವಿದೆ, ಒತ್ತಡವಿದೆ. ಅಗಲ ಇಲ್ಲವೇ ಇಲ್ಲ. ಅದೇ ಭಾರ, ಅದೇ ಗಾಳಿಗೆ ಅಗಲದ ಟೈರ್ ಹಾಕಿದರೆ ನೆಲಕ್ಕೆ ತಾಗುವ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ, ಒಟ್ಟು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ.

ಜೊತೆಗೆ ರಿಮ್ ಅಡ್ಡ ಬರುತ್ತದೆ. 90/100-10 ಟೈರ್ ಕೂರುವ ರಿಮ್‌ಗಳ ಅಗಲ ಸಾಮಾನ್ಯವಾಗಿ 2.15 ಇಂಚಿನ ಆಸುಪಾಸು ಇರುತ್ತದೆ, ಆ ಅಂಕಿ ರಿಮ್ ಮೇಲೆಯೇ ಅಚ್ಚಾಗಿರುತ್ತದೆ. ಅಷ್ಟು ಕಿರಿದಾದ ರಿಮ್‌ಗೆ 110ರ ಟೈರ್ ಹಾಕಿದರೆ ಅದರ ಎರಡು ಪಕ್ಕೆಗಳು ಒಳಕ್ಕೆ ಸೆಳೆದುಕೊಂಡು ನೆತ್ತಿ ಉಬ್ಬಿ ನಿಲ್ಲುತ್ತದೆ, ಕೊನೆಗೆ ನೀವು ಕೊಂಡ ಅಗಲ ನೆಲಕ್ಕೆ ತಾಗುವುದೇ ಇಲ್ಲ. ಹಿಂದಿನ ಚಕ್ರದ ಒಂದು ಪಕ್ಕದಲ್ಲಿ ಎಂಜಿನ್ ಕೇಸ್ ತೀರ ಹತ್ತಿರ ಇರುವುದರಿಂದ ಟೈರ್ ಅದಕ್ಕೆ ಉಜ್ಜುವ ಅಪಾಯವೂ ಇದೆ. ಇಬ್ಬರು ಕೂತು ಗುಂಡಿಗೆ ಬಿದ್ದಾಗ ಮಾತ್ರ ಉಜ್ಜುವ ಟೈರ್‌ಗಳನ್ನು ನೋಡಿದ್ದೇನೆ. ಅಂಗಡಿಯಲ್ಲಿ ನಿಲ್ಲಿಸಿ ಕೈಯಿಂದ ಚಕ್ರ ತಿರುಗಿಸಿ ನೋಡಿದರೆ ಅದು ಗೊತ್ತಾಗುವುದಿಲ್ಲ.

ಒಂದು ಹಂತ ಅಗಲ ಬೇಕೇಬೇಕು ಎನ್ನುವವರಿಗೆ 100/90-10 ಇದೆ. ಪಕ್ಕೆಯ ಎತ್ತರ ಎರಡರದ್ದೂ 90 ಮಿಲಿಮೀಟರ್ ಆದ್ದರಿಂದ ಚಕ್ರದ ಒಟ್ಟು ಎತ್ತರ ಬದಲಾಗುವುದಿಲ್ಲ. ಆದರೂ ಟೈರ್ ತಯಾರಕರ ಪಟ್ಟಿಯಲ್ಲಿ ನಿಮ್ಮ ರಿಮ್‌ನ ಅಗಲಕ್ಕೆ ಅದು ಒಪ್ಪಿಗೆಯಾಗಿದೆಯೇ ಎಂದು ನೋಡಿದ ಮೇಲೆಯೇ ಕೊಳ್ಳಬೇಕು. ನನ್ನನ್ನು ಕೇಳಿದರೆ, ಗಾಡಿಯೊಂದಿಗೆ ಬಂದ ಅಳತೆಯಲ್ಲೇ ಮೆದು ರಬ್ಬರಿನ ಟೈರ್ ಕೊಳ್ಳಿ. ಒದ್ದೆಯಲ್ಲಿ ನಿಜವಾಗಿ ಹಿಡಿಯುವುದು ಅದು. ಗಟ್ಟಿ ರಬ್ಬರಿನ ಟೈರ್‌ಗಿಂತ ಬೇಗ ಸವೆಯುತ್ತದೆ, ಅದನ್ನು ಮೊದಲೇ ಒಪ್ಪಿಕೊಂಡು ಕೊಳ್ಳಬೇಕು.

ನೀಲಿ ಸ್ಕೂಟರ್:
ಅಗಲದ ಯೋಚನೆ ಬಿಟ್ಟೆ. ಹಳೆಯ ಟೈರಿನ ಪಕ್ಕೆಯಲ್ಲಿ 53ಜೆ ಎಂದಿದೆ. ಅಂಗಡಿಯವರು ತೋರಿಸಿದ ಒಂದು ಟೈರಿನಲ್ಲಿ ಅದೇ ಅಳತೆಗೆ 47ಜೆ ಇತ್ತು. ಅದು ಮುಖ್ಯವೇ? ಅಲ್ಲದೆ, ಅರ್ಧ ದಾರಿ ಇಬ್ಬರು, ಅರ್ಧ ದಾರಿ ಒಬ್ಬನೇ ಹೋಗುವ ನನಗೆ ಹಿಂದಿನ ಚಕ್ರದಲ್ಲಿ 29 ಇರಬೇಕೋ 36 ಇರಬೇಕೋ? ದಾರಿಯ ಮಧ್ಯೆ ನಿಲ್ಲಿಸಿ ಗಾಳಿ ಬಿಡುವುದಂತೂ ಆಗದ ಮಾತು.

ರಬ್ಬರ್ ಗುರುತು:
ತುಂಬ ಮುಖ್ಯ. 53 ಎಂದರೆ ಆ ಟೈರ್ ಹೊರಬಲ್ಲ ಗರಿಷ್ಠ ಭಾರ 206 ಕೆಜಿ, 47 ಎಂದರೆ 175 ಕೆಜಿ. ಜೆ ಅಕ್ಷರ ಗಂಟೆಗೆ 100 ಕಿಲೋಮೀಟರ್ ವೇಗದ ಮಿತಿಯನ್ನು ಹೇಳುತ್ತದೆ. ನೀವಿಬ್ಬರೂ ಕೂತಾಗ ಹಿಂದಿನ ಚಕ್ರದ ಮೇಲೆ 168 ಕೆಜಿ ಇರುತ್ತದೆ, ಸೀಟಿನ ಕೆಳಗೆ ಊಟದ ಡಬ್ಬಿ, ಹೆಲ್ಮೆಟ್ಟು, ಮಳೆ ಅಂಗಿ ಸೇರಿದರೆ 175 ಮುಟ್ಟಿಯೇಬಿಡುತ್ತದೆ. 47ರದ್ದನ್ನು ಮುಟ್ಟಬೇಡಿ. ಆ 206 ಕೆಜಿಯೂ ಪಕ್ಕೆಯ ಮೇಲೆ ಅದರ ಜೊತೆಗೇ ಬರೆದ ಗಾಳಿಯ ಒತ್ತಡ ಇದ್ದಾಗ ಮಾತ್ರ ಸಿಗುವ ಸಾಮರ್ಥ್ಯ. ಗಾಳಿ ಇಳಿದಂತೆ ಅದೂ ಇಳಿಯುತ್ತದೆ. ಹಾಗೆಂದು ಪಕ್ಕೆಯ ಮೇಲಿನ ಆ ಒತ್ತಡದ ಅಂಕಿಯನ್ನು ದಿನಬಳಕೆಗೆ ತುಂಬಿಸಬೇಕಾದ ಅಂಕಿ ಎಂದು ತಿಳಿಯಬೇಡಿ. ಅದು ಟೈರಿನ ಮಿತಿ. ನಿಮ್ಮ ಗಾಡಿಗೆ ಬೇಕಾದ ಅಂಕಿ ಗಾಡಿಯ ಸ್ಟಿಕ್ಕರ್‌ನಲ್ಲಿದೆ.

ಆದ್ದರಿಂದ ದಿನವೂ ಇಬ್ಬರು ಕೂರುವ ಗಾಡಿಗೆ ನಾನು 36 ಇಡುತ್ತೇನೆ. 29ರಲ್ಲಿ 168 ಕೆಜಿ ಹೊತ್ತರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಅತಿಯಾಗಿ ಮಡಚಿಕೊಳ್ಳುತ್ತದೆ. 10 ಇಂಚಿನ ಚಿಕ್ಕ ಚಕ್ರ ಒಂದು ಕಿಲೋಮೀಟರಿಗೆ 700ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ ಎಂಬುದನ್ನು ಮರೆಯಬೇಡಿ. ಆ ಬಿಸಿ ಟೈರನ್ನು ಒಳಗಿನಿಂದ ಕೆಡಿಸುತ್ತದೆ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಲೆಕ್ಕಿಗ:
ಇಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಅವರು ಜಾರುತ್ತಿರುವುದೇ ಒಬ್ಬರಿದ್ದಾಗ. 36 ಇಟ್ಟರೆ ಆ ಅರ್ಧ ದಾರಿಯಲ್ಲಿ ಹಿಂದಿನ ಟೈರ್ ಬೇಕಾದುದಕ್ಕಿಂತ ಗಟ್ಟಿಯಾಗಿಯೇ ಇರುತ್ತದೆ. ಪತ್ನಿಯವರ ತೂಕ 60 ಕೆಜಿ, ಊರೊಳಗಿನ ವೇಗ, ಕಡಿಮೆ ದೂರ. ಇವನ್ನೆಲ್ಲ ನೋಡಿದರೆ 33ರಲ್ಲಿ ಇಡುವುದು ಎರಡಕ್ಕೂ ಹೊಂದುತ್ತದೆ ಎಂಬುದು ನನ್ನ ಅನಿಸಿಕೆ.

ರಬ್ಬರ್ ಗುರುತು:
ನಿಮ್ಮ ಮಾತಿನಲ್ಲಿ ಹುರುಳಿದೆ, ಆದರೆ ನಾನು ಒಪ್ಪಲಾರೆ. ವಾರಗಟ್ಟಲೆ ಗಾಳಿ ನೋಡದೆ ಬಿಡುವವರೇ ಹೆಚ್ಚು. 33ರಿಂದ ಶುರು ಮಾಡಿದವರದ್ದು ತಿಳಿಯದೆಯೇ 30ಕ್ಕೆ ಇಳಿದಿರುತ್ತದೆ. ಪ್ರತಿ ವಾರ ತಣ್ಣಗಿರುವಾಗ ತಪ್ಪದೆ ಅಳೆಯುವವರು 33 ಇಟ್ಟು ನೋಡಿದರೆ ನಾನು ಜಗಳಕ್ಕೆ ಬರುವುದಿಲ್ಲ. ಒಬ್ಬರೇ ಇದ್ದಾಗಿನ ಜಾರಿಕೆಗೆ ಔಷಧಿ ಆ ಮೂರು ಪಿಎಸ್‌ಐಗಿಂತ ಬಲಗೈ ಲಿವರ್‌ನಲ್ಲಿ ಹೆಚ್ಚು ಇದೆ.

ಮಳೆಯಂಗಿ:
ಮಳೆಯಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು ಎಂದು ನನಗೆ ಗಾಡಿ ಕಲಿಸಿದ ಅಣ್ಣ ಹೇಳಿದ್ದರು. ಮುಂದಿನ ಚಕ್ರ ಜಾರಿದರೆ ಬಿದ್ದೇ ಬಿಡುತ್ತೇವೆ. ನನ್ನ ಗಾಡಿಯಲ್ಲಿ ಎಡ ಲಿವರ್ ಹಿಡಿದರೆ ಎರಡೂ ಚಕ್ರ ಹಿಡಿಯುತ್ತದೆ, ಹಾಗಾಗಿ ಬಲಗೈ ಲಿವರ್ ನನಗೆ ಬೇಡವೇ ಬೇಡ ಅಲ್ಲವೇ?

ರಬ್ಬರ್ ಗುರುತು:
ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳುವುದು ಕಷ್ಟ ಎಂಬುದು ನಿಜ. ಆದರೆ ಅದನ್ನು ಜಾರಿಸುವುದು ತಟ್ಟನೆ ಸೆಳೆಯುವ ಬೆರಳು. ಲಿವರನ್ನು ಮೊದಲು ಮೆಲ್ಲಗೆ ತಾಗಿಸಿ, ಗಾಡಿಯ ಮೂತಿ ಸ್ವಲ್ಪ ಬಾಗುವವರೆಗೆ ಕಾದು, ಆಮೇಲೆ ಬಿಗಿಗೊಳಿಸಬೇಕು. ಮೂತಿ ಬಾಗಿತೆಂದರೆ ಭಾರ ಮುಂದಿನ ಚಕ್ರಕ್ಕೆ ಬಂತು ಎಂದೇ ಅರ್ಥ, ಅದು ಬಂದ ಮೇಲೆ ಆ ಚಕ್ರ ಒದ್ದೆಯಲ್ಲೂ ಹಿಂದಿನದಕ್ಕಿಂತ ಹೆಚ್ಚು ಹಿಡಿಯಬಲ್ಲದು. ಗಾಡಿ ನೇರವಾಗಿರುವಾಗ ಮಾತ್ರ ಹೀಗೆ ಮಾಡಿ, ತಿರುವಿನಲ್ಲಿ ಬಾಗಿರುವಾಗ ಬೇಡ. ರಸ್ತೆಯ ಮೇಲಿನ ಬಿಳಿ ಬಣ್ಣದ ಪಟ್ಟೆ, ಕಬ್ಬಿಣದ ಮುಚ್ಚಳ, ಎಣ್ಣೆ ಸೋರಿದ ಜಾಗಗಳ ಮೇಲೆ ಮಾತ್ರ ಎರಡೂ ಬ್ರೇಕ್ ಸಡಿಲಿಸಿ ದಾಟಬೇಕು.

ನಿಮ್ಮ ಗಾಡಿಯ ಎಡ ಲಿವರ್ ಮುಂದಿನ ಚಕ್ರಕ್ಕೆ ಕೊಡುವುದು ಒಂದು ಪಾಲು ಬಲವನ್ನಷ್ಟೇ, ಉಳಿದದ್ದು ಬಲ ಲಿವರ್‌ನಿಂದಲೇ ಬರಬೇಕು. ಹಿಂದೆ ಒಬ್ಬರು ಕೂತಿರುವಾಗ ನಿಲ್ಲಿಸಬೇಕಾದ ತೂಕವೇ ಹೆಚ್ಚಿರುತ್ತದೆ, ಆಗ ಬಲ ಲಿವರ್ ಬಿಟ್ಟರೆ ನಿಲ್ಲುವ ದೂರ ಬೆಳೆಯುತ್ತದೆ. ತಟ್ಟನೆ ಹಿಡಿದರೆ ಹಿಂದೆ ಕೂತವರು ನಿಮ್ಮ ಬೆನ್ನಿಗೆ ಬಂದು ಒರಗಿ ನಿಮ್ಮ ಕೈಗಳನ್ನು ಹ್ಯಾಂಡಲ್ ಕಡೆ ದೂಡುತ್ತಾರೆ, ಅದೂ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಹಿಂದಿನ ಹಿಡಿಕೆ ಹಿಡಿದು ಕೂರಲು ಅವರಿಗೆ ಹೇಳಿ.

ಮಳೆಯಂಗಿ:
ಆದರೂ ಮಳೆಯಲ್ಲಿ ಬಲಗೈ ಬಳಸಲು ನನಗೆ ಧೈರ್ಯ ಸಾಲದು. ಮೊದಲು ಖಾಲಿ ಮೈದಾನದಲ್ಲಿ ಪ್ರಯತ್ನಿಸುತ್ತೇನೆ.

ನೀಲಿ ಸ್ಕೂಟರ್:
ಹಿಂದಿನ ಟೈರ್ ಬದಲಾಯಿತು. ಅದೇ ಅಳತೆ, 53ಜೆ, ಮೆದು ರಬ್ಬರಿನದು. ಗಾಳಿಯನ್ನು ಮುಂದೆ 22ಕ್ಕೆ ಇಳಿಸಿದೆ, ಹಿಂದೆ 36 ಇಟ್ಟಿದ್ದೇನೆ. ಮುಂದಿನ ಟೈರಿನಲ್ಲಿ ಗೀರುಗಳು ಸವೆತದ ಗುರುತಿಗಿಂತ ಇನ್ನೂ ಮೇಲಿವೆ, ಆದರೆ ಪಕ್ಕೆಯಲ್ಲಿನ ನಾಲ್ಕು ಅಂಕಿ 2318 ಎಂದಿದೆ. ಹಾಗೆಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು ಎಂದು ಅಂಗಡಿಯವರು ಹೇಳಿದರು. ಅದನ್ನೂ ಬದಲಿಸಬೇಕೇ?

ರಬ್ಬರ್ ಗುರುತು:
ಬದಲಿಸಿ. ರಬ್ಬರ್ ಸವೆಯದೆಯೂ ಹಳತಾಗಿ ಗಟ್ಟಿಯಾಗುತ್ತದೆ. ಉಗುರಿನಿಂದ ಗೀರಿನ ಪಕ್ಕ ಒತ್ತಿ ನೋಡಿ, ಹೊಸ ಟೈರಿನಲ್ಲಿ ಉಗುರು ಸ್ವಲ್ಪ ಇಳಿದು ಗುರುತು ಮಾಯವಾಗುತ್ತದೆ, ಹಳೆಯದರಲ್ಲಿ ಇಳಿಯುವುದೇ ಇಲ್ಲ. ಗೀರುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ಎಂದೂ ನೋಡಿ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರದ್ದಾದ್ದರಿಂದ, ನಾನಾಗಿದ್ದರೆ ಹಿಂದಿನದಕ್ಕಿಂತ ಮೊದಲು ಅದನ್ನೇ ಬದಲಿಸುತ್ತಿದ್ದೆ. ಹಾಕಿಸುವಾಗ ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ನೋಡಿಕೊಳ್ಳಿ. ಮುಂದಕ್ಕೊಂದು, ಹಿಂದಕ್ಕೊಂದು ಬೇರೆ ಬೇರೆ ಬಾಣಗಳಿರುವ ಟೈರ್‌ಗಳೂ ಇವೆ.

ಹೊಸ ಟೈರಿನ ಮೇಲ್ಮೈ ಮೊದಮೊದಲು ನುಣುಪಾಗಿರುತ್ತದೆ. ಮೊದಲ 100 ಕಿಲೋಮೀಟರ್ ಮುಗಿಯುವವರೆಗೆ, ಅದರಲ್ಲೂ ಒದ್ದೆ ರಸ್ತೆಯಲ್ಲಿ, ಜೋರಾಗಿ ಬ್ರೇಕ್ ಹಿಡಿಯುವುದಾಗಲಿ ಹೆಚ್ಚು ಬಾಗಿಸುವುದಾಗಲಿ ಬೇಡ. ಟೈರಿಗೆ ಹೊಳಪಿನ ದ್ರವ ಸವರಿ ಕೊಟ್ಟಿದ್ದರೆ ಸೋಪು ನೀರಿನಲ್ಲಿ ತೊಳೆದುಬಿಡಿ.

ಲೆಕ್ಕಿಗ:
ಹೊಸ ಟೈರ್ ಪಳಗಿದ ಮೇಲೆ ಒಬ್ಬರೇ ಓಡಿಸುವಾಗ 36ರಲ್ಲೂ 33ರಲ್ಲೂ ಒಂದೊಂದು ವಾರ ನೋಡಿ, ಬ್ರೇಕ್ ಹಿಡಿದಾಗ ಹಿಂಬದಿ ಪುಟಿಯುತ್ತದೆಯೇ ಇಲ್ಲವೇ ಎಂದು ಇಲ್ಲಿ ಬರೆಯಿರಿ. 33 ಇಟ್ಟ ವಾರದಲ್ಲಿ ಪತ್ನಿಯವರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ ಕೂಡಲೇ ಗೇಜ್ ಇಟ್ಟು ನೋಡಿ. ತಣ್ಣಗಿದ್ದಾಗಿನದಕ್ಕಿಂತ ನಾಲ್ಕೈದು ಪಿಎಸ್‌ಐ ಏರಿದ್ದರೆ ಟೈರ್ ವಿಪರೀತ ಬಿಸಿಯಾಗುತ್ತಿದೆ ಎಂದರ್ಥ. ಆಗ ರಬ್ಬರ್ ಗುರುತು ಅವರ ಅಂಕಿಯೇ ಸರಿ ಎಂದು ನಾನೂ ಒಪ್ಪುತ್ತೇನೆ.

ರಬ್ಬರ್ ಗುರುತು:
ಒಪ್ಪಿದೆ. ಅಳೆಯುವಾಗ ಬಿಸಿಯಿದೆ ಎಂದು ಅಲ್ಲಿಯೇ ಗಾಳಿ ಬಿಟ್ಟುಬಿಡಬೇಡಿ, ಮರುದಿನ ಬೆಳಿಗ್ಗೆ ತಣ್ಣಗಾದಾಗ ಅದು 30ಕ್ಕಿಂತ ಕೆಳಗಿರುತ್ತದೆ.